ಬೇಡ ಎಂದು ತಿದ್ದಿದ ಸಾಲು

ನಮ್ಮ ಅಕ್ಕನಿಗೆ ಕಿವಿ ಕೇಳಿಸುವುದಿಲ್ಲ. ಈ ಒಂದು ಮಾತನ್ನು ನಾನು ಕೆಲಸ ಮಾಡುವ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಅದಕ್ಕೇ ಇಲ್ಲಿ ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಕೊನೆಗೆ ಬರೆಯೋಣವೆಂದು ಇಟ್ಟುಕೊಂಡರೆ ಅಷ್ಟರಲ್ಲಿ ಧೈರ್ಯ ಸೋರಿಹೋಗಿ ಹಾಳೆ ಹರಿದುಹಾಕುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತಿಲ್ಲವೇ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಎರಡು ವರ್ಷದ ಮಗುವಾಗಿದ್ದಾಗ ಜೋರು ಜ್ವರ ಬಂದಿತ್ತಂತೆ. ಜ್ವರ ಬಿಟ್ಟಿತು, ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಅಮ್ಮ ಅವಳೊಂದಿಗೆ ಕೈಯಲ್ಲಿ ಮಾತಾಡುತ್ತಿದ್ದಳು: ಬಾ, ತಿನ್ನು, ಮಲಗು, ಯಾರೋ ಬಂದರು, ಬಿಸಿ ಇದೆ ಮುಟ್ಟಬೇಡ. ಅಷ್ಟೇ. ಅದನ್ನೇ ನಾನೂ ಕಲಿತೆ. ಊಟಕ್ಕೆ ಕೂತಾಗ ನಾವೆಲ್ಲ ಯಾವುದಕ್ಕೋ ಬಿದ್ದು ಬಿದ್ದು ನಕ್ಕರೆ ಅಕ್ಕ ನನ್ನ ಮೊಣಕೈ ತಿವಿದು, ಏನು ಎಂದು ಹುಬ್ಬೇರಿಸುತ್ತಿದ್ದಳು. ನಾನು ಅಂಗೈ ಬೀಸಿ, ಆಮೇಲೆ ಹೇಳ್ತೀನಿ ಎನ್ನುತ್ತಿದ್ದೆ. ಆ ಆಮೇಲೆ ಬಂದದ್ದು ನನಗಂತೂ ನೆನಪಿಲ್ಲ.

ಬೀದಿಯಲ್ಲಿ ನನಗೆ ಹೆಸರಿರಲಿಲ್ಲ. 'ಮೂಗಿಯ ತಂಗಿ' ಎನ್ನುತ್ತಿದ್ದರು. ಹುಡುಗರು ಕೈ ತಿರುವಿ ತಿರುವಿ ಅಣಕಿಸುತ್ತಿದ್ದರು. ಅಣಕಿಸಿದವರನ್ನು ಅಕ್ಕ ಅಟ್ಟಿಸಿಕೊಂಡು ಹೋಗಿ ಬಾರಿಸಿ ಬರುತ್ತಿದ್ದಳು. ನಾನು ಗೋಡೆಗೆ ಅಂಟಿಕೊಂಡು, ಇವಳು ನಮ್ಮವಳೇ ಅಲ್ಲ ಎಂಬಂತೆ ನಿಲ್ಲುತ್ತಿದ್ದೆ. ಅವಳು ಏದುಸಿರು ಬಿಡುತ್ತ ವಾಪಸು ಬಂದು ನನ್ನ ಕೈ ಹಿಡಿದರೆ ಬಿಡಿಸಿಕೊಳ್ಳುತ್ತಿದ್ದೆ. ಆಗ ನನಗೆ ಒಂಬತ್ತು ವರ್ಷ. ನಲವತ್ತಾರರಲ್ಲೂ ಅದೇ ಮಾಡುತ್ತೇನೆಂದು ಆಗ ಯಾರಾದರೂ ಹೇಳಿದ್ದರೆ ಅವರ ಕೆನ್ನೆಗೆ ಕೊಟ್ಟಿರುತ್ತಿದ್ದೆ.

ಹದಿನಾರಕ್ಕೆ ಸೋದರಮಾವ ಅವಳನ್ನು ಬೈಂಡಿಂಗ್ ಅಂಗಡಿಯೊಂದಕ್ಕೆ ಸೇರಿಸಿದ. ಮೊದಲು ಹಾಳೆ ಮಡಿಸುವ ಕೆಲಸ, ಆಮೇಲೆ ದಾರಕ್ಕೆ ಜೇನುಮೇಣ ತಿಕ್ಕಿ ಹೊಲಿಯುವುದು, ಆಮೇಲೆ ಬೆನ್ನು ಕಟ್ಟಿ ರಟ್ಟು ಹಾಕುವುದು. ಮೂವತ್ನಾಲ್ಕು ವರ್ಷ. ಕತ್ತರಿಸುವ ಯಂತ್ರದ ಅಲಗು ಮೊಂಡಾದರೆ ಮೇಜಿನ ಮೇಲೆ ಅಂಗೈ ಇಟ್ಟೇ ಅವಳಿಗೆ ತಿಳಿಯುತ್ತದೆ. ಕಿವಿ ಇರುವ ಮಾಲೀಕರಿಗೆ ತಿಳಿಯುವುದು ಹಾಳೆಗಳೆಲ್ಲ ಕೆಟ್ಟ ಮೇಲೆ. ಇಪ್ಪತ್ತರ ಆಚೀಚೆಗೆ ಅವಳು ಕಿವುಡರ ಸಂಘಕ್ಕೆ ಹೋಗತೊಡಗಿದಳು. ಪ್ರತಿ ಭಾನುವಾರ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು. ಅಲ್ಲಿ ಸನ್ನೆ ಭಾಷೆ ಕಲಿತಳು. ನಮ್ಮ ಮನೆಯ ಬಾ–ಹೋಗು–ತಿನ್ನು ಅಲ್ಲ, ಜಗಳವಾಡಬಲ್ಲ, ಜೋಕು ಹೊಡೆಯಬಲ್ಲ, ಚಾಡಿ ಹೇಳಬಲ್ಲ ನಿಜವಾದ ಭಾಷೆ. "ಬಾ, ನೀನೂ ಕಲಿ" ಎಂದು ಮೂರು ಸಲ ಕರೆದಳು. ನಾನು ಮೂರು ಸಲವೂ ಕೆಲಸವಿದೆ ಎಂದೆ. ಅವಳಿಗೆ ಮದುವೆ ಆಗಲಿಲ್ಲ, ನನ್ನದು ಆಗಿ ನಿಲ್ಲಲಿಲ್ಲ. ಅಮ್ಮ ಹೋದ ಮೇಲೆ ಒಂದೇ ಮನೆಯಲ್ಲಿ ನಾವಿಬ್ಬರೇ.

ಈಗ ನನ್ನ ಕೆಲಸದ ಮಾತು. ಹತ್ತಾರು ಗ್ರಂಥಾಲಯಗಳನ್ನು ನೋಡಿಕೊಳ್ಳುವ ಒಂದು ಕಚೇರಿ ನಮ್ಮದು. ಆನ್‌ಲೈನ್ ಸಭೆಗಳ ಉಸ್ತುವಾರಿ ನನ್ನ ತಲೆಗೆ. ನೋಂದಣಿ ಅರ್ಜಿ ತಯಾರಿಸುವುದು, ಬಂದ ಅರ್ಜಿಗಳ ಪಟ್ಟಿ ಇಡುವುದು, ಲಿಂಕ್ ಕಳಿಸುವುದು, ಸಭೆಯ ದಿನ ಯಾರ ಮೈಕು ಮುಚ್ಚಬೇಕು ಯಾರದು ತೆರೆಯಬೇಕು ಎಂದು ಕೂತು ನೋಡುವುದು. ಎರಡು ವರ್ಷದ ಹಿಂದೆ ಒಂದು ತರಬೇತಿಗೆ ಹೋಗಿ ಬಂದವಳೇ ನಾನು ನೋಂದಣಿ ಅರ್ಜಿಗೆ ಹೊಸದೊಂದು ಪ್ರಶ್ನೆ ಸೇರಿಸಿದ್ದೆ: 'ಸಭೆಯಲ್ಲಿ ಭಾಗವಹಿಸಲು ನಿಮಗೆ ಯಾವ ವ್ಯವಸ್ಥೆ ಬೇಕು? ಸನ್ನೆ ಭಾಷೆಯ ಅನುವಾದಕರು, ನೇರ ಕ್ಯಾಪ್ಶನ್ (ಆಡಿದ ಮಾತು ಆಗಲೇ ಪರದೆಯ ಮೇಲೆ ಅಕ್ಷರವಾಗಿ), ಬೇರೆ ಏನಾದರೂ.' ಕೆಳಗೆ, ಸಭೆಗೆ ಹತ್ತು ದಿನ ಮುಂಚೆ ತಿಳಿಸಿ ಎಂದು ಕೊನೆಯ ದಿನಾಂಕ. ಅನುವಾದಕರು ಕರೆದ ಕೂಡಲೇ ಸಿಗುವವರಲ್ಲ, ಅದಕ್ಕೆ. ಯಾರಾದರೂ 'ಬೇಕು' ಎಂದರೆ ಪಟ್ಟಿಯಲ್ಲಿ ಆ ಸಾಲು ಕೆಂಪಾಗುತ್ತದೆ. ನಾನು ಅದನ್ನು ನಮ್ಮ ಕಚೇರಿಯ ಮುಖ್ಯಸ್ಥೆ ಮೇಡಂ ಬಳಿ ಒಯ್ದು ಒಪ್ಪಿಗೆ ಪಡೆದು ಅನುವಾದಕರನ್ನು ಗೊತ್ತು ಮಾಡಬೇಕು. ಪ್ರತಿ ಸಂಜೆ ಐದಕ್ಕೆ ಪಟ್ಟಿಯಲ್ಲಿರುವ ವಿವರ ಇದ್ದಹಾಗೇ ಅವರವರಿಗೆ ಇ-ಮೇಲ್‌ನಲ್ಲಿ ಹೋಗುತ್ತದೆ, ನಾವು ಬರೆದುಕೊಂಡದ್ದರಲ್ಲಿ ತಪ್ಪಿದ್ದರೆ ಅವರು ತಿದ್ದಲಿ ಎಂದು. ಅದೂ ನನ್ನದೇ ಐಡಿಯಾ. ಮೇಡಂ ಎಲ್ಲರೆದುರು "ಭೇಷ್" ಅಂದಿದ್ದರು. ನಾನು ಎರಡು ದಿನ ನೆಲದ ಮೇಲೆ ನಡೆದಿರಲಿಲ್ಲ.

ಎರಡು ವರ್ಷದಲ್ಲಿ ಒಂದು ಸಾಲೂ ಕೆಂಪಾಗಲಿಲ್ಲ.

ಆಗ ಹಳೆಯ ಪುಸ್ತಕಗಳ ದುರಸ್ತಿ ಕೋಣೆಯ ವಿಷಯ ಬಂತು. ನಮ್ಮ ಗೋದಾಮಿನಲ್ಲಿ ಬೆನ್ನು ಮುರಿದು ಬಿದ್ದಿರುವ ಸಾವಿರಾರು ಪುಸ್ತಕಗಳಿವೆ. ಅವನ್ನು ಸರಿಮಾಡಲು, ಹೊಸಬರಿಗೆ ಕಲಿಸಲು ಕೈಬೈಂಡಿಂಗ್ ಬಲ್ಲ ಒಬ್ಬರು ಬೇಕು. ಆಸಕ್ತರು ಆನ್‌ಲೈನ್ ಸಭೆಗೆ ಬಂದು ತಾವು ಸರಿಮಾಡಿದ ಒಂದು ಪುಸ್ತಕ ತೋರಿಸಿ, ತಜ್ಞರ ಪ್ರಶ್ನೆಗೆ ಉತ್ತರಿಸಬೇಕು. ಒಬ್ಬೊಬ್ಬರಿಗೆ ಹತ್ತು ನಿಮಿಷ. ಪ್ರಕಟಣೆಯನ್ನು ಎಲ್ಲ ಬೈಂಡಿಂಗ್ ಅಂಗಡಿಗಳಿಗೂ ಕಳಿಸಿದ್ದೆ. ಅಕ್ಕನ ಅಂಗಡಿಗೂ ಹೋಗಿತ್ತು. ಅವಳ ಮಾಲೀಕರು ಗೋಡೆಗೆ ಅಂಟಿಸಿದ್ದರು. ಆ ಅಂಗಡಿಯಲ್ಲಿ ತಿಂಗಳ ಕೊನೆಗೆ ಕೈಬೈಂಡಿಂಗ್ ನಿಲ್ಲುವುದಿತ್ತು. ಇನ್ನು ಮೇಲೆ ನೋಟ್‌ಬುಕ್, ಕ್ಯಾಲೆಂಡರ್, ಎಲ್ಲ ಯಂತ್ರದಲ್ಲಿ. ಅಕ್ಕನಿಗೆ ಪೆಟ್ಟಿಗೆ ತುಂಬುವ ಕೆಲಸ ಕೊಡುತ್ತೇವೆ ಎಂದಿದ್ದರು. ಮೂವತ್ನಾಲ್ಕು ವರ್ಷ ಸೂಜಿ ಹಿಡಿದ ಕೈ ಪೆಟ್ಟಿಗೆಗೆ ಟೇಪು ಸುತ್ತುವುದೋ, ಪುಸ್ತಕ ಹೊಲಿಯುವುದೋ, ಈ ಹತ್ತು ನಿಮಿಷದ ಮೇಲೆ ನಿಂತಿತ್ತು.

ಸಭೆಗೆ ಹನ್ನೆರಡು ದಿನ ಇರುವಾಗ ಒಂದು ಮಧ್ಯಾಹ್ನ ಪಟ್ಟಿ ತೆರೆದರೆ ಆರನೇ ಸಾಲು ಕೆಂಪು. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಅಂತೂ ನನ್ನ ಪ್ರಶ್ನೆಗೆ ಒಬ್ಬರು ಸಿಕ್ಕರಲ್ಲ ಎಂದು. ಹೆಸರು ನೋಡಿದೆ. ಅಕ್ಕನದು.

ವ್ಯವಸ್ಥೆಯ ಕಾಲಂನಲ್ಲಿ ಅವಳು ಬರೆದಿದ್ದಳು: 'ಸನ್ನೆ ಭಾಷೆಯ ಅನುವಾದಕರು ಬೇಕು. ಸಭೆ ಉದ್ದ ಇದ್ದರೆ ಇಬ್ಬರು, ಒಬ್ಬರಿಗೆ ಕೈ ಸೋಲುತ್ತದೆ. ಕ್ಯಾಪ್ಶನ್ ಕೂಡ ಬೇಕು, ಯಂತ್ರದ್ದಲ್ಲ, ಮನುಷ್ಯರು ಟೈಪ್ ಮಾಡುವುದು.' ಎಷ್ಟು ಸ್ಪಷ್ಟ! ನನ್ನ ತರಬೇತಿಯ ಪುಸ್ತಕದಲ್ಲೂ ಅಷ್ಟು ಚೆನ್ನಾಗಿ ಬರೆದಿರಲಿಲ್ಲ.

ಮೇಡಂ ಕೋಣೆಯ ಬಾಗಿಲು ನನ್ನ ಮೇಜಿನಿಂದ ಹನ್ನೆರಡು ಹೆಜ್ಜೆ. ನಾನು ಎದ್ದೆ, ಕೂತೆ. ಒಯ್ದರೆ ಮೇಡಂ ಯಾರಿವರು ಅನ್ನುತ್ತಾರೆ. ನಮ್ಮಕ್ಕ ಅನ್ನಬೇಕು. ಇಷ್ಟು ವರ್ಷ ಹೇಳೇ ಇಲ್ವಲ್ರೀ ಅನ್ನುತ್ತಾರೆ. ಚಹದ ಹೊತ್ತಿಗೆ ಅಕೌಂಟ್ಸ್‌ನವರಿಗೆ ಗೊತ್ತಾಗುತ್ತದೆ. ಪಾಪ ಅನ್ನುತ್ತಾರೆ. ಮತ್ತೆ ನಾನು ಮೂಗಿಯ ತಂಗಿ. ಇದು ನಿಜವಾದ ಕಾರಣ. ಆದರೆ ಆಗ ನನಗೆ ನಾನೇ ಹೇಳಿಕೊಂಡದ್ದು ಬೇರೆ. ನನ್ನ ಅಕ್ಕ ಎಂದು ತಿಳಿದರೆ ಶಿಫಾರಸು ಅನ್ನುತ್ತಾರೆ, ಅವಳಿಗೇ ಕೆಟ್ಟದು. ಒಬ್ಬಳಿಗೋಸ್ಕರ ಇಬ್ಬರು ಅನುವಾದಕರೇ? ಮನೆಯ ಕೆಲಸಕ್ಕೆ ಕಚೇರಿಯನ್ನು ಯಾಕೆ ಎಳೆಯಬೇಕು? ನಾನೇ ಇದ್ದೇನಲ್ಲ, ಹುಟ್ಟಿದಾಗಿನಿಂದ ಅವಳೊಂದಿಗೆ ಮಾತಾಡಿದವಳು. ಒಂದಕ್ಕಿಂತ ಒಂದು ಚಂದದ ಕಾರಣಗಳು, ನೋಡಿ. ಕೆಟ್ಟ ಕೆಲಸ ಮಾಡುವಾಗ ನನ್ನ ತಲೆ ಬಲು ಚುರುಕು.

ಅವಳು ಬರೆದದ್ದನ್ನು ಅಳಿಸಿ 'ಬೇಡ' ಎಂದು ಟೈಪ್ ಮಾಡಿದೆ. ಸಾಲು ಬೆಳ್ಳಗಾಯಿತು. ನಾಲ್ಕು ಗಂಟೆ ಆಗಿತ್ತು.

ಅವತ್ತು ಮನೆಗೆ ಹೋದಾಗ ಅಕ್ಕ ತಟ್ಟೆ ಹಾಕುತ್ತಿದ್ದಳು. ಗೊತ್ತಾಯಿತು, ನಿನ್ನ ಅರ್ಜಿ ನೋಡಿದೆ ಎಂದು ಕೈಯಲ್ಲಿ ಹೇಳಿದೆ. ಆಮೇಲೆ ನನ್ನ ಎದೆ ತಟ್ಟಿಕೊಂಡೆ: ನಾನಿದ್ದೀನಿ, ನೋಡ್ಕೋತೀನಿ. ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ತಲೆಯಾಡಿಸಲೂ ಇಲ್ಲ, ನಗಲೂ ಇಲ್ಲ. ತಟ್ಟೆಗೆ ಬಡಿಸಿಕೊಂಡು ಉಣ್ಣತೊಡಗಿದಳು. ನನಗೆ ಅದು ಒಪ್ಪಿಗೆ ಅನಿಸಿತು. ಅನುಕೂಲವಾದದ್ದು ಅನಿಸುವುದರಲ್ಲಿ ನಾನು ನಿಸ್ಸೀಮಳು.

ಸಭೆಯ ದಿನ ನಾನು ಕಚೇರಿಯಲ್ಲಿ, ಅಕ್ಕ ಅವಳ ಅಂಗಡಿಯಲ್ಲಿ ಮಾಲೀಕರ ಕಂಪ್ಯೂಟರ್ ಮುಂದೆ. ಅವಳ ಹಿಂದೆ ಒತ್ತುಯಂತ್ರ, ಗೋಡೆಗೆ ನೇತುಹಾಕಿದ ದಾರದ ಲಡಿಗಳು. ನೀಲಿ ಬಟ್ಟೆ, ಬಾಚಿ ಕಟ್ಟಿದ ಕೂದಲು. ತಾನು ಸರಿಮಾಡಿದ ದಪ್ಪ ಪುಸ್ತಕವೊಂದನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಎಂಟು ಜನ ಅಭ್ಯರ್ಥಿಗಳು, ಮೇಡಂ, ತಜ್ಞರು. ನಾನು ಯಂತ್ರದ ಕ್ಯಾಪ್ಶನ್ ಒತ್ತಿ ಬಿಟ್ಟಿದ್ದೆ, ಏನೋ ದೊಡ್ಡ ಉಪಕಾರ ಮಾಡಿದವಳ ಹಾಗೆ.

ಐದು ನಿಮಿಷದಲ್ಲೇ ನನ್ನ ಯೋಜನೆಯ ಬಣ್ಣ ಬಯಲಾಯಿತು. ಮೈಕು ತೆರೆಯುವುದು, ಹೊತ್ತು ನೋಡುವುದು, ಹೊರಬಿದ್ದವರನ್ನು ಮತ್ತೆ ಒಳಗೆ ಬಿಡುವುದು, ಇವುಗಳ ನಡುವೆ ಕೈ ಎತ್ತಿ ಅಕ್ಕನಿಗೆ ಏನು ಹೇಳಲಿ? ಎತ್ತಿದರೂ ಅವಳಿಗೆ ಕಾಣುವುದಿಲ್ಲ. ಶಬ್ದ ಮಾಡಿದವರ ಮುಖವನ್ನೇ ಪರದೆ ದೊಡ್ಡದು ಮಾಡಿ ತೋರಿಸುತ್ತದೆ. ಸದ್ದಿಲ್ಲದ ನನ್ನ ಕೈ ಮೂಲೆಯಲ್ಲಿ ಅಂಚೆಚೀಟಿಯಷ್ಟು. ಕ್ಯಾಪ್ಶನ್ ಅಂತೂ ಅರ್ಧ ಮಾತು ನುಂಗಿ, ಉಳಿದರ್ಧವನ್ನು ಬೇರೆಯದೇ ಆಗಿ ಮೂರು ವಾಕ್ಯ ತಡವಾಗಿ ಉಗುಳುತ್ತಿತ್ತು. ಬೈಂಡಿಂಗ್ ಮಾತುಗಳಲ್ಲಿ ಒಂದೂ ಅದಕ್ಕೆ ಬರುತ್ತಿರಲಿಲ್ಲ. ಅಕ್ಕ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಓದುತ್ತಿದ್ದಳು.

ತಜ್ಞರು ಹಿಂದೊಮ್ಮೆ ದುರಸ್ತಿ ಕಂಡ ಪುಸ್ತಕವೊಂದನ್ನು ಮಾದರಿಯೆಂದು ಎತ್ತಿ ಹಿಡಿದು ತೋರಿಸಿದರು. "ಇದೇ ಥರದ್ದು ನಿಮ್ಮ ಕೈಗೆ ಬಂದ್ರೆ ಏನು ಮಾಡ್ತೀರಿ?" ಎಂದು ಎಲ್ಲರನ್ನೂ ಕೇಳಿದರು. ಐದು ಜನ ಹೇಳಿದರು. ಆರನೆಯದು ಅಕ್ಕ.

ಅವಳು ಎದ್ದು ನಿಂತಳು. ತನ್ನ ಪುಸ್ತಕ ಬಿಚ್ಚಿ ಬೆನ್ನು ತೋರಿಸಿದಳು, ಎರಡು ಬೆರಳಲ್ಲಿ ಏನನ್ನೋ ಸುಲಿದಳು, ಮುಷ್ಟಿ ಕಟ್ಟಿ ಮುರಿದಳು, ತಜ್ಞರ ಪುಸ್ತಕದತ್ತ ಬೊಟ್ಟು ಮಾಡಿ ತಲೆಯಾಡಿಸಿದಳು. ಕೈಗಳು ಎಷ್ಟು ವೇಗ! ಮೂರು ನಿಮಿಷ ನಿಲ್ಲಿಸದೆ ಹೇಳಿದಳು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಹುಟ್ಟಿದಾಗಿನಿಂದ ಅವಳೊಂದಿಗೆ ಮಾತಾಡಿದವಳಿಗೆ ತಿಳಿದದ್ದು ನಾಲ್ಕೇ ನಾಲ್ಕು: ಹಳೆಯದು, ಕೈ, ಬೇಡ, ಒಳ್ಳೆಯದು.

"ಏನು ಹೇಳ್ತಿದ್ದಾರೆ?" ಎಂದರು ತಜ್ಞರು.

ಗಂಟಲು ಸರಿಮಾಡಿಕೊಂಡು ಹೇಳಿದೆ: "ಹಳೇ ಪುಸ್ತಕ ಅಂದ್ರೆ ಇವರಿಗೆ ತುಂಬಾ ಇಷ್ಟ ಅಂತೆ. ಅವಸರ ಬೇಡ, ಕೈಯಿಂದಲೇ ನಿಧಾನವಾಗಿ ಮಾಡಿದ್ರೆ ಒಳ್ಳೇದು ಅಂತಾರೆ."

ಇವರಿಗೆ. ಅಂತಾರೆ. ಯಾರೋ ದಾರಿಹೋಕರ ಬಗ್ಗೆ ಹೇಳಿದಂತೆ.

"ಸಂತೋಷ" ಎಂದು ತಜ್ಞರು ಏನೋ ಬರೆದುಕೊಳ್ಳುವಷ್ಟರಲ್ಲಿ ಚಾಟ್‌ನಲ್ಲಿ ಒಂದು ಸಾಲು ಬಂತು. ಬರೆದವರು ಎಂಟನೇ ಅಭ್ಯರ್ಥಿ, ಉದ್ದ ಗಡ್ಡದ ಬೈಂಡರ್ ಒಬ್ಬರು. 'ಕ್ಷಮಿಸಿ. ಅವರು ಹೇಳಿದ್ದು ಅದಲ್ಲ. ನನ್ನ ತಂದೆತಾಯಿ ಇಬ್ಬರೂ ಕಿವುಡರು, ನನಗೆ ಈ ಭಾಷೆ ಬರುತ್ತದೆ.'

ತಜ್ಞರು ಅವರ ಮೈಕು ತೆರೆಸಿದರು. "ಹಾಗಾದ್ರೆ ನೀವೇ ಹೇಳಿಬಿಡಿ ಸ್ವಾಮಿ."

"ಬೇಡ ಸಾರ್. ನಾನೂ ಇದೇ ಕೆಲಸಕ್ಕೆ ಬಂದಿರೋನು. ಅವರ ಮಾತು ನನ್ನ ಬಾಯಲ್ಲಿ ಬರೋದು ಸರಿಯಲ್ಲ. ನಾಳೆ ಅವರಿಗೇ ಅನುಮಾನ ಬಂದ್ರೆ? ಇದಕ್ಕೆ ಅಂತಲೇ ಕಲಿತ ಅನುವಾದಕರಿರ್ತಾರೆ. ಯಾಕೆ ಕರೆಸಿಲ್ಲ?"

ಮೇಡಂ ಮುಖ ಗಂಟಿಕ್ಕಿತು. "ನಮ್ಮ ಅರ್ಜಿಯಲ್ಲೇ ಕೇಳಿರ್ತೀವಲ್ಲ. ಯಾರೂ ಬೇಕು ಅಂದಿರಲಿಲ್ಲ. ಅಲ್ವೇನ್ರೀ?"

ಇಲ್ಲಿ, ಇಲ್ಲಿಯಾದರೂ ನಿಜ ಹೇಳಬಹುದಿತ್ತು. ಒಂದೇ ವಾಕ್ಯ ಸಾಕಿತ್ತು. "ಹೌದು ಮೇಡಂ, ಯಾರೂ ಕೇಳಿರಲಿಲ್ಲ" ಎಂದೆ.

ಬೆಳಿಗ್ಗೆಯಿಂದ ಒಂದು ಮಾತನ್ನೂ ನೆಟ್ಟಗೆ ಬರೆಯದ ಆ ಹಾಳು ಕ್ಯಾಪ್ಶನ್ ಇದೊಂದನ್ನು ಅಕ್ಷರ ತಪ್ಪದೆ ಬರೆಯಿತು: 'ಯಾರೂ ಕೇಳಿರಲಿಲ್ಲ.' ಪರದೆಯ ಕೆಳಗೆ, ಬಿಳಿ ಅಕ್ಷರದಲ್ಲಿ. ಅಕ್ಕ ಓದಿದಳು. ಓದಿ, ಪುಸ್ತಕ ಮುಚ್ಚಿ, ಬಟ್ಟೆಯಲ್ಲಿ ಸುತ್ತಿ, ಕೂತಳು. ಉಳಿದ ಹೊತ್ತೆಲ್ಲ ಅವಳು ಪರದೆಯನ್ನು ನೋಡಲಿಲ್ಲ, ಕಿಟಕಿ ನೋಡಿದಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು ನನಗೆ. ಆದರೆ ನಾನು ಮಾಡಿದ್ದು ಏಳನೆಯವರ ಮೈಕು ತೆರೆದದ್ದು.

ಸಭೆ ಮುಗಿದದ್ದೇ ಅರ್ಧ ದಿನದ ರಜೆ ಬರೆದಿಟ್ಟು ಅಂಗಡಿಗೆ ಓಡಿದೆ. ಅಕ್ಕ ಯಾರದೋ ಲೆಕ್ಕದ ಪುಸ್ತಕ ಹೊಲಿಯುತ್ತಿದ್ದಳು. ನನ್ನನ್ನು ಕಂಡು ತಲೆ ಎತ್ತಲಿಲ್ಲ. ಕತ್ತರಿಸಿ ಬಿದ್ದ ಕಾಗದದ ಪಟ್ಟಿಗಳು ಕಾಲಡಿ ರಾಶಿಯಾಗಿದ್ದವು. ನಾನು ಒಂದು ಪಟ್ಟಿ ಎತ್ತಿಕೊಂಡು ಬರೆದೆ: 'ನಿನ್ನ ಅರ್ಜಿಯಲ್ಲಿ ಬೇಡ ಅಂತ ಬರೆದಿದ್ದು ನಾನು.' ಅವಳಿಗೆ ಇದು ಸಿಡಿಲಿನಂತೆ ಬಡಿಯುತ್ತದೆ, ಅಳುತ್ತಾಳೆ, ಹೊಡೆಯುತ್ತಾಳೆ, ಹೊಡೆದರೆ ಹೊಡೆಯಲಿ ಎಂದುಕೊಂಡು ಕೊಟ್ಟೆ.

ಅವಳು ಓದಿ, ಸೂಜಿಯನ್ನು ಮೇಣಕ್ಕೆ ಚುಚ್ಚಿಟ್ಟು, ಜೇಬಿನಿಂದ ಫೋನ್ ತೆಗೆದು ನನ್ನ ಮುಂದೆ ಹಿಡಿದಳು. ನಮ್ಮ ಕಚೇರಿಯ ಇ-ಮೇಲ್. ಹನ್ನೆರಡು ದಿನದ ಹಿಂದಿನದು, ಸಂಜೆ ಐದು ಗಂಟೆ. 'ನೀವು ಕೋರಿದ ವ್ಯವಸ್ಥೆ: ಬೇಡ. ತಪ್ಪಿದ್ದರೆ ಈ ಪತ್ರಕ್ಕೆ ಉತ್ತರಿಸಿ.' ಆ ಎರಡನೇ ವಾಕ್ಯ ನಾನೇ ಕೂತು ಬರೆದದ್ದು.

ಅಯ್ಯೋ ನನ್ನ ಕರ್ಮವೇ! ನಾನು ಮನೆಗೆ ಹೋಗಿ ಎದೆ ತಟ್ಟಿಕೊಂಡೆನಲ್ಲ, ಆಗಲೇ ಅವಳಿಗೆ ಗೊತ್ತಿತ್ತು.

'ಯಾಕೆ ಉತ್ತರ ಬರೆಯಲಿಲ್ಲ?' ಎಂದು ಬರೆದೆ.

ಅವಳು ಇನ್ನೊಂದು ಪಟ್ಟಿ ತೆಗೆದುಕೊಂಡಳು. ಅವಳ ಅಕ್ಷರ ದುಂಡಗೆ, ಹೊಲಿಗೆಯ ಹಾಗೆ ಸಮ. 'ಬರೆದರೆ ನಿನ್ನ ತಪ್ಪು ಎಲ್ಲರಿಗೂ ಗೊತ್ತಾಗುತ್ತೆ. ಕೆಲಸ ಹೋಗಬಹುದು. ನೀನೇ ಸರಿ ಮಾಡ್ತೀಯ ಅಂತ ದಿನಾ ಕಾದೆ.' ಸ್ವಲ್ಪ ಯೋಚಿಸಿ ಕೆಳಗೆ ಸೇರಿಸಿದಳು: 'ನಾನು ನಿನ್ನ ಅಕ್ಕ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ, ಅಲ್ವಾ?'

ಅಳು ಬಂದದ್ದು ನನಗೆ. ಅವಳು ಸಮಾಧಾನ ಮಾಡಲಿಲ್ಲ. ಮೇಣದಿಂದ ಸೂಜಿ ಕಿತ್ತು ಹೊಲಿಗೆ ಮುಂದುವರಿಸಿದಳು. ಮಾಲೀಕರು ಬಂದು ನನ್ನನ್ನೂ ಅವಳನ್ನೂ ನೋಡಿ ಹಾಗೇ ಹಿಂದೆ ಹೋದರು.

ಮರುದಿನ ಬೆಳಿಗ್ಗೆ ಆ ಹನ್ನೆರಡು ಹೆಜ್ಜೆ ನಡೆದೆ. ಮೇಡಂ ಮುಂದೆ ಎಲ್ಲ ಹೇಳಿದೆ, ಸಾಲು ಕೆಂಪಾಗಿದ್ದದ್ದು, ಬೆಳ್ಳಗೆ ಮಾಡಿದ್ದು, ಅಕ್ಕ ಎಂಬುದು, ಮೂಗಿಯ ತಂಗಿ ಎಂಬುದು. ಮೇಡಂ ಬಯ್ಯುತ್ತಾರೆಂದುಕೊಂಡಿದ್ದೆ. ಬಯ್ಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರಲಿಲ್ಲ ಕಣ್ರೀ" ಎಂದರು. ಬಯ್ದಿದ್ದರೇ ಚೆನ್ನಾಗಿತ್ತು.

"ಅವರ ಸರದಿ ಮತ್ತೆ ನಡೆಯುತ್ತೆ. ಎರಡು ವಾರ ಬಿಟ್ಟು. ಅನುವಾದಕರು, ಕ್ಯಾಪ್ಶನ್ ಎಲ್ಲಾ ನೀವೇ ಗೊತ್ತು ಮಾಡಿ. ಕೆಲಸಕ್ಕೆ ಯಾರನ್ನ ಆರಿಸೋದು ಅನ್ನೋದರಲ್ಲಿ ನಿಮ್ಮ ಬಾಯಿ ಇರಕೂಡದು. ಮತ್ತೆ, ಎಂಟೂ ಜನಕ್ಕೆ ಪತ್ರ ಹೋಗಬೇಕು, ಯಾಕೆ ಮತ್ತೆ ಅಂತ. ನಿಮ್ಮ ಹೆಸರಲ್ಲಿ."

ಆ ಪತ್ರಕ್ಕೆ ಇಡೀ ಬೆಳಗು ಹಿಡಿಯಿತು. 'ತಾಂತ್ರಿಕ ಕಾರಣದಿಂದ' ಎಂದು ಬರೆದೆ, ಅಳಿಸಿದೆ. 'ಕಣ್ತಪ್ಪಿನಿಂದ' ಎಂದು ಬರೆದೆ, ಅಳಿಸಿದೆ. ಕೊನೆಗೆ ಹೋದದ್ದು ಇಷ್ಟು: 'ಆರನೇ ಅಭ್ಯರ್ಥಿ ಅನುವಾದಕರನ್ನೂ ಕ್ಯಾಪ್ಶನ್‌ನ್ನೂ ಸಮಯಕ್ಕೆ ಸರಿಯಾಗಿ ಕೇಳಿದ್ದರು. ನಾನು ಅದನ್ನು ಬೇಡ ಎಂದು ತಿದ್ದಿದೆ. ಸಭೆಯಲ್ಲಿ ಯಾರೂ ಕೇಳಿರಲಿಲ್ಲ ಎಂದು ಸುಳ್ಳು ಹೇಳಿದೆ. ಅವರು ನನ್ನ ಅಕ್ಕ.' ಕಳಿಸುವ ಗುಂಡಿ ಒತ್ತಿ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತೆ. ಚಹದ ಹೊತ್ತಿಗೆ ಅಕೌಂಟ್ಸ್‌ನವರಿಗೆ ಗೊತ್ತಾಗಿತ್ತು. ಯಾರೂ ಪಾಪ ಅನ್ನಲಿಲ್ಲ. ಅನ್ನುವಂಥ ಕೆಲಸ ಮಾಡಿದ್ದರೆ ತಾನೇ.

ಕಿವುಡರ ಸಂಘಕ್ಕೆ ಫೋನ್ ಮಾಡಿ ಅನುವಾದಕರ ಪಟ್ಟಿ ತರಿಸಿಕೊಂಡೆ. ಮೊದಲು ಸಿಕ್ಕ ಅನುವಾದಕಿ ಕೇಳಿದ ಮೊದಲ ಪ್ರಶ್ನೆಯೇ ನನಗೆ ತಪರಾಕಿ. "ಅವರಿಗೆ ಯಾರು ಬಂದ್ರೆ ಅನುಕೂಲ ಅಂತ ಅವರನ್ನೇ ಕೇಳಿದ್ರಾ?" ಕೇಳಿರಲಿಲ್ಲ. ಸಂಜೆ ಮನೆಯಲ್ಲಿ, ಒಂದೇ ಮೇಜಿನ ಆಚೆ ಈಚೆ ಕೂತು, ಕಚೇರಿಯ ಪತ್ರದ ಹಾಗೆ ಬರೆದು ಕೇಳಿದೆ. ಅಕ್ಕ ಇಬ್ಬರನ್ನು ಗುರುತು ಹಾಕಿದಳು. ಅವರು, ಹೊತ್ತು ಎಳೆದರೆ ಇಪ್ಪತ್ತಿಪ್ಪತ್ತು ನಿಮಿಷಕ್ಕೆ ಬದಲಾಗುತ್ತೇವೆ ಎಂದರು. ತಜ್ಞರ ಪ್ರಶ್ನೆಗಳು ಯಾವುದರ ಬಗ್ಗೆ, ಹೊಲಿಗೆಗಳ ಹೆಸರೇನು, ಅಂಟುಗಳ ಹೆಸರೇನು, ಎಲ್ಲ ಮೂರು ದಿನ ಮುಂಚೆ ಕಳಿಸಿ ಎಂದರು. ಕ್ಯಾಪ್ಶನ್ ಟೈಪ್ ಮಾಡುವ ಹೆಂಗಸು ದೂರದ ಊರಿನವರು. ಅವರಿಗೂ ಅದೇ ಪದಗಳ ಪಟ್ಟಿ, ಬರುವವರ ಹೆಸರು. "ಒಬ್ಬರ ಮೇಲೊಬ್ಬರು ಮಾತಾಡಬೇಡಿ ಅಂತ ಮೊದಲೇ ಹೇಳ್ಬಿಡಿಯಮ್ಮ, ನನಗಿರೋದು ಹತ್ತೇ ಬೆರಳು" ಎಂದರು. ಹಿಂದಿನ ದಿನ ಅಕ್ಕನನ್ನೂ ಸೇರಿಸಿಕೊಂಡು ಒಮ್ಮೆ ಪರೀಕ್ಷೆ ಮಾಡಿದೆವು. ಅನುವಾದಕಿಯ ಚೌಕ, ಅಕ್ಕನ ಚೌಕ ಎರಡೂ ಎಲ್ಲರ ಪರದೆಯಲ್ಲೂ ದೊಡ್ಡದಾಗಿ ನಿಲ್ಲುವ ಹಾಗೆ, ಯಾರು ಕೆಮ್ಮಿದರೂ ಅಲ್ಲಾಡದ ಹಾಗೆ ಕಟ್ಟಿಹಾಕಿದೆ. ಇಷ್ಟೆಲ್ಲಕ್ಕೆ ಹಿಡಿದದ್ದು ಹತ್ತೇ ದಿನ, ಹದಿನಾರು ಫೋನು. ಮೊದಲೇ ಮಾಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಸರದಿ ಶುರುವಾಯಿತು. ತಜ್ಞರು ಅದೇ ಪುಸ್ತಕ ಎತ್ತಿ ಅದೇ ಪ್ರಶ್ನೆ ಕೇಳಿದರು. ಅಕ್ಕನ ಕೈ ಎದ್ದಿತು, ಅನುವಾದಕಿಯ ದನಿ ಎದ್ದಿತು. ಅನುವಾದಕರು 'ಅವರು' ಅನ್ನುವುದಿಲ್ಲ, 'ನಾನು' ಅನ್ನುತ್ತಾರೆ; ಅದು ನನಗೆ ಗೊತ್ತಿತ್ತು. ಆದರೂ ಆ 'ನಾನು' ಕೇಳಿ ಮೈ ಜುಮ್ಮೆಂದಿತು.

"ನಾನು ಇದನ್ನ ಮೊದಲು ಬಿಚ್ತೀನಿ. ನೀವು ಮಾದರಿ ಅಂತ ತೋರಿಸ್ತಿರೋ ಈ ಪುಸ್ತಕಕ್ಕೆ ಯಾರೋ ಡಬ್ಬಿ ಅಂಟು ಬಳಿದಿದ್ದಾರೆ ಸಾರ್. ಬೆನ್ನು ಹೊಳೀತಿದೆ ನೋಡಿ. ಈಗ ಗಟ್ಟಿಯಾಗಿ ಕಾಣುತ್ತೆ, ಕೆಲವು ವರ್ಷಕ್ಕೆ ಒಣಗಿ ಬಿರುಕು ಬಿಡುತ್ತೆ, ಹಾಳೆನೂ ಕಿತ್ಕೊಂಡು ಬರುತ್ತೆ. ನಾನು ಗಂಜಿ ಅಂಟು ಹಾಕ್ತೀನಿ. ಒದ್ದೆ ಮಾಡಿದ್ರೆ ಬಿಡುತ್ತೆ. ನನ್ನ ನಂತರ ಯಾರೋ ಒಬ್ಬರು ಇದನ್ನ ಮತ್ತೆ ರಿಪೇರಿ ಮಾಡ್ತಾರಲ್ಲ, ಅವರು ನನ್ನನ್ನ ಬೈಕೋಬಾರದು. ಹೋದ ಸಲವೂ ಇದನ್ನೇ ಹೇಳಿದ್ದೆ. ನನಗೆ ಹಳೇ ಪುಸ್ತಕ ಅಂದ್ರೆ ಇಷ್ಟ ಅಂತ ನಿಮಗೆ ಹೇಳಿದ್ರಂತೆ. ಇಷ್ಟ ಏನೂ ಇಲ್ಲ, ಧೂಳಿಗೆ ಸೀನು ಬರುತ್ತೆ."

ತಜ್ಞರು ತಮ್ಮ ಪುಸ್ತಕವನ್ನು ತಿರುಗಿಸಿ ಬೆನ್ನು ನೋಡಿ, ಗಟ್ಟಿಯಾಗಿ ನಕ್ಕರು. ಮೇಡಂ ನಕ್ಕರು. ನೋಡಲೆಂದು ಬಂದಿದ್ದ ಗಡ್ಡದ ಬೈಂಡರ್ ಎರಡೂ ಕೈ ಮೇಲೆತ್ತಿ ಗಾಳಿಯಲ್ಲಿ ಅಲ್ಲಾಡಿಸಿದರು. ಅದು ಕಿವುಡರ ಚಪ್ಪಾಳೆ. ನಾನು ನಗಲಿಲ್ಲ. ನನ್ನ ಅಕ್ಕ ತಮಾಷೆಯ ಹೆಂಗಸು ಎಂದು ನನಗೆ ಗೊತ್ತಾದದ್ದು ನಲವತ್ತಾರನೇ ವಯಸ್ಸಿನಲ್ಲಿ, ಬಾಡಿಗೆಯ ದನಿಯಲ್ಲಿ.

ಕೊನೆಗೆ ತಜ್ಞರು ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. "ಹೊಸಬರಿಗೆ ಕಲಿಸೋವಾಗ ಮಾತಿನ ಅಗತ್ಯ ಬರುತ್ತಲ್ಲಮ್ಮ. ಮನೆಯಲ್ಲಿ ತಂಗಿ ಇದ್ದಾರಂತೆ, ಇದೇ ಕಚೇರಿಯವರು. ಅವರು ಬಂದು ಸಹಾಯ ಮಾಡಬಹುದಾ?"

ಅಕ್ಕ ನನ್ನ ಚೌಕವನ್ನು ಹುಡುಕಿ ನೋಡಿದಳೋ, ಬರೀ ಕ್ಯಾಮೆರಾ ನೋಡಿದಳೋ, ಹೇಳಲಾರೆ. ಕೈ ನಿಧಾನವಾಗಿ ಆಡಿತು.

"ತಂಗಿ ಒಳ್ಳೆಯವಳು. ಆದರೆ ಅವಳಿಗೆ ನನ್ನ ಭಾಷೆ ಬರಲ್ಲ. ಅನುವಾದಕರನ್ನೇ ಕರೆಸಿ."

ಕ್ಯಾಪ್ಶನ್ ಹೆಂಗಸು ಅದನ್ನು ಟೈಪ್ ಮಾಡಿದರು. ಮುಂದಿನ ಮಾತು ಬರುವವರೆಗೆ ಆ ಸಾಲು ಪರದೆಯ ಮೇಲೆ ಹಾಗೇ ನಿಂತಿತ್ತು, ಎಲ್ಲರೂ ಓದುವ ಹಾಗೆ.

ಕೆಲಸ ಅಕ್ಕನಿಗೇ ಸಿಕ್ಕಿತು. ಈಗ ನಮ್ಮ ಕಟ್ಟಡದ ಕೆಳಗಿನ ಕೋಣೆಯಲ್ಲಿ ಅವಳ ಒತ್ತುಯಂತ್ರವಿದೆ. ವಾರಕ್ಕೆರಡು ದಿನ ಪಾಠ, ಆ ದಿನಗಳಿಗೆ ಅನುವಾದಕರು. ಅವರನ್ನು ಗೊತ್ತು ಮಾಡುವುದು ನಾನೇ. ಪಟ್ಟಿಯ ಆ ಕಾಲಂ ಅನ್ನು ಈಗ ನನ್ನಿಂದ ತಿದ್ದಲಾಗುವುದಿಲ್ಲ. ಬೀಗ ಹಾಕಿಸಿ ಎಂದು ನಾನೇ ಮೇಡಂಗೆ ಬರೆದುಕೊಟ್ಟೆ.

ಹೋದ ಭಾನುವಾರ ಕಿವುಡರ ಸಂಘಕ್ಕೆ ಹೋಗಿದ್ದೆ, ತರಗತಿಗೆ ಸೇರಲು. ನಾಲ್ಕನೇ ಸಲ ಅಕ್ಕ ಕರೆದಿರಲಿಲ್ಲ. ನಾನೇ ಬೆನ್ನು ಹತ್ತಿ ಹೋದೆ. ಅಲ್ಲೂ ಒಂದು ನೋಂದಣಿ ಅರ್ಜಿ. 'ಮನೆಯಲ್ಲಿ ಕಿವುಡರು ಯಾರಾದರೂ ಇದ್ದಾರೆಯೇ?' ಅಕ್ಕ, ಎಂದು ಬರೆದೆ. 'ಸನ್ನೆ ಭಾಷೆ ನಿಮಗೆ ಎಷ್ಟು ಬರುತ್ತದೆ? ಚೆನ್ನಾಗಿ. ಸ್ವಲ್ಪ. ಏನೂ ಇಲ್ಲ.' ಪೆನ್ನು 'ಸ್ವಲ್ಪ'ದ ಮೇಲೆ ಸುಳಿಯಿತು. ಅಕ್ಕ ಹೆಗಲ ಹಿಂದೆ ನಿಂತು ನೋಡುತ್ತಿದ್ದಳು. 'ಏನೂ ಇಲ್ಲ' ಎಂಬಲ್ಲಿ ಗುರುತು ಹಾಕಿದೆ.

ಅರ್ಜಿ ಕೊಡಲು ಏಳುತ್ತಿದ್ದವಳ ಭುಜ ಒತ್ತಿ ಅಕ್ಕ ಮತ್ತೆ ಕೂರಿಸಿದಳು. ಫೋನ್ ತೆಗೆದು ಅರ್ಜಿಯ ಫೋಟೋ ತೆಗೆದುಕೊಂಡಳು. ಯಾಕೆ ಎಂದು ಹುಬ್ಬೇರಿಸಿದೆ. ಅವಳು ಎಡ ಅಂಗೈಯನ್ನು ಹಾಳೆ ಮಾಡಿ, ಬಲಗೈ ಬೆರಳಿಂದ ಅದರ ಮೇಲಿನದನ್ನು ಉಜ್ಜಿ ಅಳಿಸಿ, ಬೇರೇನೋ ಬರೆದಂತೆ ತೋರಿಸಿದಳು. ಆಮೇಲೆ ನನ್ನತ್ತ ಬೊಟ್ಟು ಮಾಡಿದಳು.

ಅದೊಂದು ನನಗೆ ಅನುವಾದಕರಿಲ್ಲದೆ ತಿಳಿಯಿತು.